ಕತ್ತಲೆ ಕೋಣೆ, ಹಳದಿ ಪರದೆ: ಆದರೂ ಕಣ್ಣು ಉರಿಯುವುದೇಕೆ?

ಪ್ರಶ್ನೆ: ಸರ್, ನನಗೆ 42 ವರ್ಷ, ಊರು ಮಂಡ್ಯ. ರಾತ್ರಿ ಹತ್ತರಿಂದ ಹನ್ನೆರಡೂವರೆವರೆಗೆ ಎರಡು ಬೆಲ್ಲದ ಮಂಡಿಗಳ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತೇನೆ. ಮನೆಯವರು, ಮಗು ಅದೇ ರೂಮಿನಲ್ಲಿ ಮಲಗಿರುವುದರಿಂದ ಲೈಟ್ ಹಾಕುವಂತಿಲ್ಲ. ಪರದೆಯನ್ನು ಹಳದಿ ಮಾಡುವ ನೈಟ್ ಲೈಟನ್ನು ಪೂರ್ತಿ 100ಕ್ಕೆ ಇಟ್ಟಿದ್ದೇನೆ, ಬ್ರೈಟ್‌ನೆಸ್ ಪೂರ್ತಿ ಇಳಿಸಿದ್ದೇನೆ, ಬ್ಲೂ ಕಟ್ ಕನ್ನಡಕವನ್ನೂ ಕೊಂಡೆ. ಆದರೂ ಅರ್ಧ ಗಂಟೆಗೆಲ್ಲ ಕಣ್ಣುರಿ, ಹುಬ್ಬಿನ ಮೇಲೆ ನೋವು. ಇನ್ನೂ ಏನನ್ನು ಕಡಿಮೆ ಮಾಡಬೇಕು? ನೀಲಿ ಬೆಳಕು ಕಣ್ಣಿನ ನರ ಹಾಳು ಮಾಡುತ್ತದಂತೆ, ನಿಜವೇ?

ಉತ್ತರ: ಇನ್ನು ಏನನ್ನೂ ಕಡಿಮೆ ಮಾಡಬೇಡಿ. ನೈಟ್ ಲೈಟನ್ನು ಅರ್ಧಕ್ಕೆ ತನ್ನಿ, ಬ್ರೈಟ್‌ನೆಸ್ ಸ್ವಲ್ಪ ಏರಿಸಿ, ಪರದೆಯ ಹಿಂದೆ ಒಂದು ಚಿಕ್ಕ ದೀಪ ಇಡಿ. ಮಗುವಿನ ನಿದ್ದೆ ಕೆಡದಂತೆ ದೀಪ ಇಡುವುದು ಹೇಗೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನೀಲಿ ಬೆಳಕಿನ ಭಯ ಹೋಗಲಿ. ನೀವು ಅಷ್ಟು ದೂರ ಇಳಿಸಿಕೊಂಡು ಬಂದದ್ದೇ ಆ ಭಯದಿಂದ.

ಲ್ಯಾಪ್‌ಟಾಪಿನ ನೀಲಿ ಬೆಳಕು ಕಣ್ಣಿನ ನರವನ್ನು ಹಾಳು ಮಾಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹಗಲು ಬಯಲಿನಲ್ಲಿ ನಿಂತು ತಲೆ ಎತ್ತಿದರೆ ಆಕಾಶದ ನೀಲಿ ನಿಮ್ಮ ಪರದೆಗಿಂತ ಹತ್ತಾರು ಪಟ್ಟು ಹೆಚ್ಚು ಹೊಳೆಯುತ್ತಿರುತ್ತದೆ, ಗದ್ದೆಯಲ್ಲಿ ದುಡಿಯುವವರು ದಿನವಿಡೀ ಅದರ ಕೆಳಗೇ ಇರುತ್ತಾರೆ. ಬ್ಲೂ ಕಟ್ ಕನ್ನಡಕದ ವಿಷಯವೂ ಹೀಗೇ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದಾಗ, ಸಾಮಾನ್ಯ ಗಾಜಿನ ಕನ್ನಡಕಕ್ಕಿಂತ ಬ್ಲೂ ಕಟ್ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾದಂತೆ ಕಾಣಲಿಲ್ಲ. ಕೊಂಡಿದ್ದೀರಿ, ಹಾಕಿಕೊಂಡರೆ ತೊಂದರೆಯಿಲ್ಲ. ಆದರೆ ಅದರಲ್ಲಿ ನಿಮ್ಮ ಕಣ್ಣಿಗೆ ಬೇಕಾದ ಪವರ್ ಇಲ್ಲದಿದ್ದರೆ ಅದು ಬರೀ ಗಾಜು. ಪವರಿನ ವಿಷಯ ನಿಮ್ಮ ವಯಸ್ಸಿನಲ್ಲಿ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ನೈಟ್ ಲೈಟ್ ಹಾಗಾದರೆ ಯಾತಕ್ಕೆ? ನಿದ್ದೆಗೆ. ನಮ್ಮ ಕಣ್ಣಿನ ಪರದೆಯಲ್ಲಿ, ಅಂದರೆ ಅಕ್ಷಿಪಟಲದಲ್ಲಿ, ಕೆಲವು ವಿಶೇಷ ಕೋಶಗಳಿವೆ. ಅವು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ, ಇನ್ನೂ ಹಗಲಿದೆ ಎಂದು ಮೆದುಳಿಗೆ ಸುದ್ದಿ ಕಳಿಸುತ್ತವೆ. ಆಗ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನ್ ಬರುವುದು ತಡವಾಗುತ್ತದೆ. ಹನ್ನೆರಡೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಕೂಡಲೇ ಮಲಗುವವರಿಗೆ ನೀಲಿಯನ್ನು ತಗ್ಗಿಸುವುದರಿಂದ ಸ್ವಲ್ಪ ಅನುಕೂಲ ಆಗಬಹುದು, ಪರದೆಯ ಒಟ್ಟು ಹೊಳಪು ತಗ್ಗಿದರೆ ಇನ್ನೂ ಹೆಚ್ಚು. ಆದರೆ ಕಣ್ಣುರಿಗೆ ಅದು ನೇರ ಮದ್ದಲ್ಲ.

ಪರದೆಯ ಬಿಳಿ ಬಣ್ಣ ಕೆಂಪು, ಹಸಿರು, ನೀಲಿ ಸೇರಿ ಆದದ್ದು. ಆ ಬಿಳಿಯಲ್ಲಿ ನಮಗೆ ಕಾಣುವ ಹೊಳಪನ್ನು ನೂರು ಎಂದಿಟ್ಟುಕೊಂಡರೆ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು ಬರೀ 7. ನೀಲಿಯನ್ನು ಪೂರ್ತಿ ತೆಗೆದುಹಾಕಿದರೂ ಹೊಳಪು ನೂರಕ್ಕೆ ಏಳರಷ್ಟು ಮಾತ್ರ ಇಳಿಯುತ್ತದೆ. ನೈಟ್ ಲೈಟ್ ಜಾಸ್ತಿ ಮಾಡಿದಾಗ ಹಸಿರೂ ಕಡಿಮೆಯಾಗುವುದರಿಂದ ಪರದೆ ಇನ್ನಷ್ಟು ಮಂಕಾಗುತ್ತದೆ ನಿಜ, ಆದರೆ ಹೊಳಪು ಇಳಿಸುವ ಸರಿಯಾದ ದಾರಿ ಬ್ರೈಟ್‌ನೆಸ್ ಗುಂಡಿಯೇ ಹೊರತು ನೈಟ್ ಲೈಟ್ ಅಲ್ಲ.

100ಕ್ಕೆ ಇಟ್ಟರೆ ಲೆಕ್ಕ ಬರೆಯುವವರಿಗೆ ಇನ್ನೊಂದು ಪೆಟ್ಟಿದೆ. ಎಕ್ಸೆಲ್‌ನಲ್ಲಿ ಬಾಕಿ ಇರುವ ರೈತರ ಸಾಲಿಗೆ ಹಳದಿ ಬಣ್ಣ ತುಂಬಿದ್ದೀರಿ ಎನ್ನಿ. ಬಿಳಿಗೂ ಹಳದಿಗೂ ಇರುವ ವ್ಯತ್ಯಾಸ ನೀಲಿಯೊಂದೇ: ಬಿಳಿಯಲ್ಲಿ ನೀಲಿ ಇದೆ, ಹಳದಿಯಲ್ಲಿ ಇಲ್ಲ. ನೈಟ್ ಲೈಟ್ ನೀಲಿಯನ್ನೇ ತೆಗೆದ ಮೇಲೆ ಹಳದಿ ಸಾಲು ಯಾವುದು, ಬಿಳಿ ಸಾಲು ಯಾವುದು ಎನ್ನುವುದೇ ಗೊತ್ತಾಗುವುದಿಲ್ಲ. ನೀಲಿ ಅಕ್ಷರಗಳು ಕಪ್ಪಿಗೆ ತಿರುಗುತ್ತವೆ. ಕಣ್ಣು ಹುಡುಕುತ್ತದೆ, ನೀವು ಪರದೆಗೆ ಮುಖ ಹತ್ತಿರ ತರುತ್ತೀರಿ, ಕಣ್ಣು ಕಿರಿದು ಮಾಡುತ್ತೀರಿ. ಹುಬ್ಬಿನ ಮೇಲಿನ ನೋವಿನಲ್ಲಿ ಹೀಗೆ ಕಣ್ಣು ಕಿರಿದು ಮಾಡುವುದರದ್ದೂ ಒಂದು ಪಾಲಿದೆ.

ಇನ್ನು ಬ್ರೈಟ್‌ನೆಸ್. ಪರದೆ ಎಷ್ಟು ಹೊಳೆಯುತ್ತದೆ ಎನ್ನುವುದಕ್ಕಿಂತ ಸುತ್ತಲಿನದಕ್ಕಿಂತ ಎಷ್ಟು ಪಟ್ಟು ಹೊಳೆಯುತ್ತದೆ ಎನ್ನುವುದು ಕಣ್ಣಿಗೆ ಮುಖ್ಯ. ಹೊಳಪನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾಮಾನ್ಯ ಲ್ಯಾಪ್‌ಟಾಪ್ ಪರದೆ ಪೂರ್ತಿ ಏರಿಸಿದಾಗ 250ರಿಂದ 300 ನಿಟ್. ಸಾಧಾರಣ ಬೆಳಕಿನ ಮಲಗುವ ಕೋಣೆಯಲ್ಲಿ, ಮೇಜಿನ ಮೇಲೆ ಬೀಳುವ ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ 100 ಎಂದಿಟ್ಟುಕೊಳ್ಳಿ, ಮೇಜಿನ ಮೇಲಿನ ಬಿಳಿ ಕಾಗದ 25 ನಿಟ್‌ನಷ್ಟು ಹೊಳೆಯುತ್ತದೆ. ಬೆಳಕಿನ ವ್ಯವಸ್ಥೆ ಮಾಡುವವರು ಬಳಸುವ ಒಂದು ರೂಢಿಯ ಲೆಕ್ಕ ಹೀಗಿದೆ: ಕೆಲಸದ ಜಾಗ ಅದರ ಅಕ್ಕಪಕ್ಕಕ್ಕಿಂತ ಮೂರು ಪಟ್ಟು ಹೊಳೆದರೆ ತೊಂದರೆಯಿಲ್ಲ, ಆಚೆಯ ಗೋಡೆಗಿಂತ ಹತ್ತು ಪಟ್ಟು ದಾಟಬಾರದು. ನಿಮ್ಮ ಕೋಣೆಯಲ್ಲಿ ಗೋಡೆ ಕಾಣುವುದೇ ಇಲ್ಲ. ಅಂದಮೇಲೆ ಪರದೆಯನ್ನು ಎಷ್ಟೇ ಇಳಿಸಿದರೂ ಆ ಲೆಕ್ಕ ಕೂಡಿಬರುವುದಿಲ್ಲ. ಕತ್ತಲೆಯಲ್ಲಿ ಒಂದೇ ಕಿಟಕಿ ತೆರೆದಂತೆ ಪರದೆ ಉಳಿದುಬಿಡುತ್ತದೆ. ನೋಟ ಪರದೆಯಿಂದ ಕೀಬೋರ್ಡಿಗೆ, ಕೀಬೋರ್ಡಿನಿಂದ ಬಿಲ್ಲಿಗೆ ಹೋದಾಗಲೆಲ್ಲ ಕಣ್ಣುಪಾಪೆ ಹಿಗ್ಗಬೇಕು, ಕುಗ್ಗಬೇಕು.

ಪರದೆ ತೀರಾ ಇಳಿದಾಗ ಆಗುವುದು ಇನ್ನೊಂದು ತೊಂದರೆ. ಬೆಳಕು ಕಡಿಮೆಯಾದಷ್ಟೂ ಕಣ್ಣುಪಾಪೆ ದೊಡ್ಡದಾಗುತ್ತದೆ. ಹಗಲಿನಲ್ಲಿ ಎರಡು ಮೂರು ಮಿಲಿಮೀಟರ್ ಇರುವುದು ಕತ್ತಲೆಯಲ್ಲಿ ಅದರ ಎರಡರಷ್ಟಾಗಬಹುದು. ಸಣ್ಣ ಪಾಪೆ ಇದ್ದಾಗ ಫೋಕಸ್ ಅಲ್ಪಸ್ವಲ್ಪ ತಪ್ಪಿದ್ದರೂ ಅಕ್ಷರ ಸ್ಪಷ್ಟವಾಗಿಯೇ ಇರುತ್ತದೆ. ಪಾಪೆ ಅಗಲವಾದಾಗ ಅದೇ ಚಿಕ್ಕ ತಪ್ಪು ಎದ್ದು ಕಾಣುತ್ತದೆ. ಅರ್ಧ ಪಾಯಿಂಟ್ ಸಿಲಿಂಡರ್ ಪವರ್ ಇರುವವರು ಹಗಲೆಲ್ಲ ಕನ್ನಡಕವಿಲ್ಲದೆ ಓಡಾಡಿಕೊಂಡಿರುತ್ತಾರೆ. ರಾತ್ರಿ ಮಂಕು ಪರದೆಯ ಮುಂದೆ ಕೂತಾಗ ಅಕ್ಷರಕ್ಕೆ ನೆರಳು ಬಂದಂತೆ ಕಾಣುತ್ತದೆ, 3 ಮತ್ತು 8 ಒಂದೇ ಆಗುತ್ತವೆ. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಇಂಥವರಿಗೆ ಆಗಿಬರದಿರುವುದಕ್ಕೂ ಇದೇ ಕಾರಣ: ಬಿಳಿ ಅಂಕಿಗಳ ಅಂಚು ಕಪ್ಪಿನ ಮೇಲೆ ಹರಡುತ್ತದೆ. ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ, ಅದಕ್ಕೆ ತಕ್ಕ ಮಿತವಾದ ಹೊಳಪು ಲೆಕ್ಕದ ಕೆಲಸಕ್ಕೆ ಒಳ್ಳೆಯದು.

ಈಗ ದೀಪ. ಝೀರೋ ಬಲ್ಬ್ ಹಾಕಿಕೊಂಡರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಈಗ ಸಿಗುವ ಎಲ್‌ಇಡಿ ಝೀರೋ ಬಲ್ಬ್ ಅರ್ಧ ವ್ಯಾಟಿನದು, ಗೋಡೆಯ ಮೇಲ್ಭಾಗದಲ್ಲಿ ಇರುತ್ತದೆ. ಅದು ಮಲಗಿದವರ ಕಣ್ಣಿಗೆ ಬೀಳುತ್ತದೆ, ನಿಮ್ಮ ಮೇಜಿಗೆ ತಲುಪುವುದಿಲ್ಲ. ಬೆಳಕು ಬೇಕಾಗಿರುವುದು ಪರದೆಯ ಹಿಂದಿನ ಗೋಡೆಗೆ. ಮೇಜನ್ನು ಗೋಡೆಗೆ ಆನಿಸಿ, ನೀವು ಗೋಡೆಗೆ ಮುಖ ಮಾಡಿ ಕೂರುವಂತೆ ತಿರುಗಿಸಿ. ಆಗ ಹಾಸಿಗೆ ನಿಮ್ಮ ಬೆನ್ನ ಹಿಂದಾಗುತ್ತದೆ, ಪರದೆಯ ಬೆಳಕಿಗೂ ಮಗುವಿಗೂ ನಡುವೆ ನೀವೇ ಅಡ್ಡ ಇರುತ್ತೀರಿ. ಒಂದು ಟೇಬಲ್ ಲ್ಯಾಂಪಿಗೆ 3 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿ, ಅದು ಸಿಗದಿದ್ದರೆ 5 ವ್ಯಾಟ್. ಪೆಟ್ಟಿಗೆಯ ಮೇಲೆ `Warm White` ಅಥವಾ `3000K` ಎಂದಿರಲಿ. ಲ್ಯಾಂಪನ್ನು ಲ್ಯಾಪ್‌ಟಾಪಿನ ಹಿಂದೆ, ಅದರ ಬಾಯಿ ಗೋಡೆಗೆ ಇರುವಂತೆ, ಪರದೆಯ ಅಂಚಿಗಿಂತ ಕೆಳಗೆ ಇಡಿ. ಕೂತ ಜಾಗದಿಂದ ಬಲ್ಬ್ ಕಾಣಬಾರದು, ಗೋಡೆಯ ಮೇಲೆ ಹರಡಿದ ಬೆಳಕು ಮಾತ್ರ ಕಾಣಬೇಕು.

ಬೆಳಕು ಎಷ್ಟು ಸಾಕು ಎಂದು ತಿಳಿಯಲು ಲ್ಯಾಪ್‌ಟಾಪ್ ಮುಚ್ಚಿ, ಮೇಜಿನ ಮೇಲೆ ದಿನಪತ್ರಿಕೆ ಹಿಡಿದು ನೋಡಿ. ಹೆಡ್‌ಲೈನ್ ಆರಾಮಾಗಿ, ಸಣ್ಣ ಅಕ್ಷರ ಸ್ವಲ್ಪ ಗಮನವಿಟ್ಟರೆ ಓದುವಂತಿದ್ದರೆ ಸಾಕು. ಹಾಸಿಗೆಯ ಕಡೆ ಬೆಳಕು ಹೆಚ್ಚು ಎನಿಸಿದರೆ ಬಲ್ಬ್ ಬದಲಿಸಬೇಡಿ, ಲ್ಯಾಂಪನ್ನು ಗೋಡೆಗೆ ಇನ್ನಷ್ಟು ಹತ್ತಿರ ತನ್ನಿ, ಬೆಳಕಿನ ವೃತ್ತ ಚಿಕ್ಕದಾಗುತ್ತದೆ. ಬಲ್ಬಿನ ಮೇಲೆ ಬಟ್ಟೆ, ಕಾಗದ ಸುತ್ತಲೇಬೇಡಿ. ಎಲ್‌ಇಡಿಯ ಬುಡ ಕೂಡ ಚೆನ್ನಾಗಿಯೇ ಬಿಸಿಯಾಗುತ್ತದೆ.

ವಾರ್ಮ್ ಬಲ್ಬೇ ಏಕೆಂದರೆ ಕಣ್ಣು ಕೋಣೆಯ ದೀಪವನ್ನು ನೋಡಿ ಯಾವುದು ಬಿಳಿ ಎಂದು ತೀರ್ಮಾನಿಸುತ್ತದೆ. ಬೆಳ್ಳನೆಯ ಬಲ್ಬಿನ ಕೆಳಗೆ ನೈಟ್ ಲೈಟ್ ಪರದೆ ಚಹಾ ಚೆಲ್ಲಿದ ಕಾಗದದಂತೆ ಕಾಣುತ್ತದೆ. ಹಳದಿ ಬಲ್ಬಿನ ಜೊತೆ ಅದೇ ಪರದೆ ಹತ್ತು ನಿಮಿಷದಲ್ಲಿ ಬಿಳಿಯಾಗಿಯೇ ಕಾಣತೊಡಗುತ್ತದೆ, ಬಣ್ಣ ತುಂಬಿದ ಸಾಲುಗಳೂ ಗೊತ್ತಾಗುತ್ತವೆ.

ದೀಪ ಹಾಕಿ ಐದು ನಿಮಿಷ ಬಿಟ್ಟು ಪರದೆಗೆ ಬನ್ನಿ. ನಿಮ್ಮದು ವಿಂಡೋಸ್ ಎಂದುಕೊಂಡು ಹೇಳುತ್ತೇನೆ. `Settings > System > Display > Night light` ತೆರೆದು `Strength` ಗೆರೆಯನ್ನು 40ರ ಹತ್ತಿರ ತನ್ನಿ. ನಿಮ್ಮ ಎಕ್ಸೆಲ್ ಕಡತ ತೆರೆದು ನೋಡಿ, ಹಳದಿ ಸಾಲು ಬಿಳಿಯಿಂದ ಬೇರೆಯಾಗಿ ಕಾಣುವವರೆಗೆ ಇನ್ನೂ ಇಳಿಸಬಹುದು. ಅಲ್ಲೇ `Schedule night light` ಇದೆ. `Sunset to sunrise` ಆರಿಸಿದರೆ ನಮ್ಮ ಕಡೆ ಸಂಜೆ ಆರು, ಏಳರ ನಡುವೆ ತಾನಾಗಿ ಶುರುವಾಗುತ್ತದೆ, ಆದರೆ ಅದಕ್ಕೆ ಲೊಕೇಶನ್ ಆನ್ ಇರಬೇಕು. `Set hours` ಆರಿಸಿ ರಾತ್ರಿ 9ರಿಂದ ಬೆಳಿಗ್ಗೆ 6 ಎಂದು ಕೊಟ್ಟರೆ ಈ ತಾಪತ್ರಯವಿಲ್ಲ.

ಬ್ರೈಟ್‌ನೆಸ್ ಹೊಂದಿಸುವುದು ಇದಾದ ಮೇಲೆ, ಏಕೆಂದರೆ ನೈಟ್ ಲೈಟ್ ಬದಲಾದರೆ ಹೊಳಪೂ ಬದಲಾಗುತ್ತದೆ. ಖಾಲಿ ಶೀಟ್ ತೆರೆದು, ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆ ದೀಪದಂತೆ ಉರಿಯುತ್ತಿದ್ದರೆ ಇಳಿಸಿ, ಹಾಳೆಗಿಂತ ಬೂದಾಗಿ ಕಂಡರೆ ಏರಿಸಿ. ಹಾಳೆಗಿಂತ ಸ್ವಲ್ಪ ಬೆಳ್ಳಗೆ ಕಾಣುವ ಕಡೆ ನಿಲ್ಲಿಸಿ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ 25ಕ್ಕೆ ಬರಬಹುದು, ಇನ್ನೊಬ್ಬರದ್ದರಲ್ಲಿ 40ಕ್ಕೆ. ಶೇಕಡಾ ಅಂಕಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೊಂದುವುದಿಲ್ಲ, ಹಾಳೆಯನ್ನೇ ನಂಬಿ. ಶೀಟಿನ ಜೂಮ್ 120ಕ್ಕೆ ಏರಿಸಿದರೆ ಈ ಹೊಳಪಿನಲ್ಲಿ ಅಂಕಿಗಳು ಸಲೀಸಾಗಿ ಓದಲು ಬರುತ್ತವೆ.

ಇಷ್ಟು ಮಾಡಿದ ಮೇಲೂ ಹೊಳಪು ತಾನಾಗಿಯೇ ಏರಿಳಿಯುತ್ತಿದೆ ಎನಿಸಿದರೆ ಎರಡು ಕಡೆ ನೋಡಿ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ, ಚಾರ್ಜ್ ಇಳಿದಂತೆ, ಬ್ಯಾಟರಿ ಉಳಿಸುವ ವ್ಯವಸ್ಥೆ ಪರದೆಯನ್ನು ಮಂಕು ಮಾಡುತ್ತದೆ. `Power & battery` ಪುಟದಲ್ಲಿ `Lower screen brightness` ಎಂದು ಶುರುವಾಗುವ ಆಯ್ಕೆಯನ್ನು ಆಫ್ ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ `Display` ಪುಟದ ಬ್ರೈಟ್‌ನೆಸ್ ಗೆರೆಯ ಕೆಳಗೆ `Change brightness based on content` ಎಂದಿರುತ್ತದೆ. ಅದು ಆನ್ ಇದ್ದರೆ ಬಿಳಿ ಶೀಟಿನಿಂದ ಕಪ್ಪು ಕಿಟಕಿಗೆ ಹೋದಾಗಲೆಲ್ಲ ಹೊಳಪು ಬದಲಾಗುತ್ತದೆ, ಅದನ್ನೂ ಆಫ್ ಮಾಡಿ.

ಪರದೆ ತೀರಾ ಇಳಿಸಿದಾಗ ಕೆಲವರಿಗೆ ಮಾತ್ರ ಆಗುವ ಮತ್ತೊಂದು ಕಿರಿಕಿರಿ ಇದೆ, ಅದು ಮಿಣುಕು. ಕೆಲವು ಪರದೆಗಳು ಹೊಳಪು ತಗ್ಗಿಸಲು ಬೆಳಕನ್ನು ನಿಜವಾಗಿ ತಗ್ಗಿಸುವುದಿಲ್ಲ, ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುತ್ತವೆ. ಇಳಿಸಿದಷ್ಟೂ ಆರಿರುವ ಹೊತ್ತು ಹೆಚ್ಚು. ಕಣ್ಣಿಗೆ ಅದು ಕಾಣುವುದಿಲ್ಲ, ಆದರೆ ಕೆಲವರಿಗೆ ತಲೆನೋವು ತರುತ್ತದೆ. ಫೋನಿನ ಕ್ಯಾಮೆರಾದಲ್ಲಿ `Pro` ಮೋಡ್ ಇದ್ದರೆ ಶಟರ್ ವೇಗವನ್ನು `1/1000`ಕ್ಕೆ ಇಟ್ಟು ಬಿಳಿ ಪರದೆಯನ್ನು ನೋಡಿ. ಬ್ರೈಟ್‌ನೆಸ್ ಪೂರ್ತಿ ಇದ್ದಾಗ ಇಲ್ಲದ ದಪ್ಪ ಕಪ್ಪು ಪಟ್ಟಿಗಳು ಇಳಿಸಿದಾಗ ಬಂದರೆ ನಿಮ್ಮ ಪರದೆ ಆ ಜಾತಿಯದು. ಪಟ್ಟಿ ಮಾಯವಾಗುವವರೆಗೆ ಬ್ರೈಟ್‌ನೆಸ್ ಏರಿಸಿ ಅಲ್ಲೇ ಬಿಡಿ. ಅದು ಕೋಣೆಗೆ ಹೆಚ್ಚೆನಿಸಿದರೆ ಗೋಡೆಯ ದೀಪವನ್ನು 3 ವ್ಯಾಟಿನಿಂದ 5ಕ್ಕೆ ಏರಿಸಿ, ಶೀಟಿನ ಬಿಳಿ ಕೋಶಗಳಿಗೆ ತಿಳಿ ಬೂದು ಬಣ್ಣ ತುಂಬಿ.

ಇನ್ನು ಕಣ್ಣಿನ ಕಡೆಗೆ ಬರೋಣ. ನಿಮಗಿರುವುದು ಎರಡು ತೊಂದರೆ, ಉರಿ ಮತ್ತು ನೋವು, ಎರಡಕ್ಕೂ ಕಾರಣ ಬೇರೆ ಬೇರೆ ಇರಬಹುದು. ಉರಿ ಸಾಮಾನ್ಯವಾಗಿ ಒಣಗುವುದರಿಂದ. ಮಾತಾಡುವಾಗ ನಿಮಿಷಕ್ಕೆ ಹದಿನೈದು ಬಾರಿಯಾದರೂ ಬಡಿಯುವ ರೆಪ್ಪೆ, ಪರದೆಯ ಮೇಲೆ ನೋಟ ನೆಟ್ಟಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಫ್ಯಾನ್ ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ಕಣ್ಣೀರಿನ ಪದರ ಇನ್ನೂ ಬೇಗ ಆರುತ್ತದೆ. ಅಕ್ಷರ ಮಸುಕಾದಾಗ ನಿಧಾನವಾಗಿ ಎರಡು ಬಾರಿ ರೆಪ್ಪೆ ಮುಚ್ಚಿ ತೆರೆಯಿರಿ. ಮಸುಕು ಹೋದರೆ ಅದು ಒಣಗುವಿಕೆ. ಟೇಬಲ್ ಫ್ಯಾನ್ ಇದ್ದರೆ ಮುಖದಿಂದ ಕಾಲಿನ ಕಡೆ ತಿರುಗಿಸಿ. ಪ್ರತಿ ಪುಟದ ಮೊತ್ತ ಬರೆದಾಗ ಒಮ್ಮೆ ಕಣ್ಣು ಪೂರ್ತಿ ಮುಚ್ಚಿ ಎರಡೆಣಿಸಿ ತೆರೆಯಿರಿ. ಅಂಗಡಿಯಲ್ಲಿ ಕೇಳಿ ಕೆಂಪು ಹೋಗಿಸುವ ಡ್ರಾಪ್ಸ್ ಹಾಕಿಕೊಳ್ಳಬೇಡಿ, ಅದು ರಕ್ತನಾಳವನ್ನು ಕುಗ್ಗಿಸುತ್ತದೆ ಅಷ್ಟೇ, ಬಿಟ್ಟಾಗ ಕೆಂಪು ಮತ್ತೆ ಜಾಸ್ತಿಯಾಗಿ ಬರುತ್ತದೆ.

ರೆಪ್ಪೆ ಬಡಿದರೂ ಮಸುಕು ಹೋಗುತ್ತಿಲ್ಲ, ಬಿಲ್ಲನ್ನು ಸ್ವಲ್ಪ ದೂರ ಹಿಡಿದರೆ ಚೆನ್ನಾಗಿ ಕಾಣುತ್ತದೆ, ಕೆಲಸ ಬಿಟ್ಟು ದೂರ ನೋಡಿದರೆ ಕೆಲ ಕ್ಷಣ ಎಲ್ಲಾ ಮಸುಕು ಎಂದಿದ್ದರೆ ನಿಮಗೆ ಚಾಳೀಸು ಶುರುವಾಗಿದೆ. 42ರಲ್ಲಿ ಅದು ರೋಗವಲ್ಲ, ಎಲ್ಲರಿಗೂ ಬರುವಂಥದ್ದು. ಹಗಲು ಒಳ್ಳೆಯ ಬೆಳಕಿನಲ್ಲಿ ಸಣ್ಣ ಪಾಪೆ ಅದನ್ನು ಮರೆಸುತ್ತದೆ, ನಿಮ್ಮ ಕತ್ತಲೆ ಕೋಣೆ ಅದನ್ನು ಹೊರಗೆ ಹಾಕುತ್ತದೆ. ಅರ್ಧ ಗಂಟೆಗೆ ಹುಬ್ಬು ನೋಯುವುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ.

ಆದರೆ ಒಂದು ಮಾತನ್ನು ಗಮನವಿಟ್ಟು ಓದಿ. ನೋವು ಒಂದೇ ಹುಬ್ಬಿನ ಮೇಲೆ ಬರುತ್ತದೆ, ಅದರ ಜೊತೆ ದೃಷ್ಟಿ ಮಂಜಾಗುತ್ತದೆ, ಬೀದಿ ದೀಪದ ಸುತ್ತ ಕಾಮನಬಿಲ್ಲಿನಂಥ ಬಣ್ಣದ ಬಳೆ ಕಾಣುತ್ತದೆ, ಮಲಗಿ ಎದ್ದರೆ ಎಲ್ಲಾ ಮಾಯ ಎಂದಿದ್ದರೆ ಅದು ಪರದೆಯ ಆಯಾಸ ಅಲ್ಲದಿರಬಹುದು. ಕೆಲವರ ಕಣ್ಣಿನೊಳಗೆ ನೀರು ಹರಿದುಹೋಗುವ ಮೂಲೆ ಕಿರಿದಾಗಿರುತ್ತದೆ. ಕತ್ತಲೆಯಲ್ಲಿ ಪಾಪೆ ಹಿಗ್ಗಿದಾಗ ಆ ಮೂಲೆ ಮುಚ್ಚಿಕೊಂಡು ಕಣ್ಣಿನ ಒತ್ತಡ ಏರುತ್ತದೆ, ನಿದ್ದೆಯಲ್ಲಿ ಪಾಪೆ ಕುಗ್ಗಿದಾಗ ಬಿಟ್ಟುಕೊಳ್ಳುತ್ತದೆ. ಇದು ಒಂದು ಬಗೆಯ ಗ್ಲಾಕೋಮಾ, ನಲವತ್ತು ದಾಟಿದವರಲ್ಲಿ, ಅದರಲ್ಲೂ ಪ್ಲಸ್ ಪವರ್ ಇರುವವರಲ್ಲಿ ಹೆಚ್ಚು. ಇಂಥ ಲಕ್ಷಣ ಇದ್ದರೆ ನೈಟ್ ಲೈಟ್ ತಿದ್ದುತ್ತಾ ಕೂರಬೇಡಿ. ಕೋಣೆಯ ದೊಡ್ಡ ದೀಪ ಹಾಕಿ, ಮರುದಿನವೇ ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಕಣ್ಣಿನ ವಿಭಾಗಕ್ಕೆ ಹೋಗಿ ಕಣ್ಣಿನ ಒತ್ತಡ ನೋಡಿಸಿ, ಆ ಮೂಲೆಯನ್ನು ನೋಡುವ ಗೋನಿಯೋಸ್ಕೋಪಿ ಪರೀಕ್ಷೆ ಮಾಡಬೇಕೇ ಎಂದು ಕೇಳಿ. ನೋವು ತಡೆಯಲಾರದಷ್ಟಿದ್ದು ಕಣ್ಣು ಕೆಂಪಾಗಿ ವಾಂತಿಯೂ ಆದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಹೋಗಿ. ಗಂಟೆಗಳ ತಡದಲ್ಲಿ ದೃಷ್ಟಿ ಹೋಗಬಹುದು.

ಅಂಥದ್ದೇನೂ ಇಲ್ಲದಿದ್ದರೆ ಈ ದೀಪ, ಈ ಹೊಳಪಿನಲ್ಲಿ ಒಂದು ವಾರ ಕೆಲಸ ಮಾಡಿ ನೋಡಿ. ಉರಿ ಹೋಗಿ ನೋವು ಉಳಿದರೆ ಪವರ್ ಪರೀಕ್ಷೆ ಮಾಡಿಸಿ. ಹೋಗುವ ಮೊದಲು ಟೇಪ್ ಹಿಡಿದು ಕಣ್ಣಿನಿಂದ ಪರದೆಗೆ ಎಷ್ಟು ದೂರವಿದೆ ಎಂದು ಅಳೆದುಕೊಳ್ಳಿ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರಕ್ಕೆ ಕೊಡುತ್ತಾರೆ, ನಿಮ್ಮ ಲ್ಯಾಪ್‌ಟಾಪ್ 55, 60ರಲ್ಲಿ ಇರುತ್ತದೆ. ಆ ಕನ್ನಡಕದಲ್ಲಿ ಪುಸ್ತಕ ಚೆನ್ನಾಗಿ ಕಂಡರೂ ಪರದೆ ಮಸುಕಾಗುತ್ತದೆ, ನೀವು ಮತ್ತೆ ಕತ್ತು ಮುಂದೆ ಚಾಚುತ್ತೀರಿ. ಅಳತೆಯನ್ನು ಚೀಟಿಯಲ್ಲಿ ಬರೆದು ಕೊಟ್ಟು, ಈ ದೂರಕ್ಕೆ ಪವರ್ ನೋಡಿ ಎಂದು ಕೇಳಿ.